ಓನರಿಗೊಂದು ಕಾಗದ: ಬಾಡಿಗೆ ಏರಿಕೆಯ ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಹತ್ತನೆಯ ತಿಂಗಳ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. ಗೇಟಿನ ಹತ್ತಿರ ಸಿಕ್ಕಾಗಲೋ, ವಾಟ್ಸ್‌ಆ್ಯಪ್‌ನಲ್ಲೋ, ‘ಅಗ್ರಿಮೆಂಟ್ ಮುಗೀತಾ ಬಂತಲ್ಲ, ಈ ಸಲ ಹತ್ತು ಪರ್ಸೆಂಟ್ ಸೇರಿಸ್ಕೊಂಡು ಕೊಟ್ಬಿಡಿ’ ಎನ್ನುತ್ತಾರೆ ಓನರ್. ಹತ್ತೇ ಏಕೆ, ಎಂಟೋ ಆರೋ ಏಕಲ್ಲ ಎಂದು ಅವರು ಹೇಳುವುದೂ ಇಲ್ಲ, ಬಾಡಿಗೆದಾರರು ಕೇಳುವುದೂ ಕಡಿಮೆ. ಕೆಲವರು ಸುಮ್ಮನೆ ಒಪ್ಪಿಕೊಳ್ಳುತ್ತಾರೆ. ಕೆಲವರು ‘ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸರ್’ ಎಂದು ನಿಂತಲ್ಲೇ ರಾಗ ಎಳೆದು, ‘ನೋಡೋಣ’ ಎಂಬ ಉತ್ತರ ಪಡೆದು ಮೇಲೆ ಹತ್ತುತ್ತಾರೆ. ಮುಂದಿನ ತಿಂಗಳು ಹೊಸ ಬಾಡಿಗೆ ಶುರು.

ಮೂರನೆಯ ದಾರಿಯೊಂದಿದೆ. ಒಂದು ಪುಟದ ಕಾಗದ ಬರೆಯುವುದು. ನಮ್ಮ ಕೇರಿಯಲ್ಲಿ ಇಂಥ ಮನೆಗೆ ಎಷ್ಟು ನಡೆಯುತ್ತಿದೆ, ನಿಮ್ಮ ಮನೆಗೆ ನಾವು ಏನೇನು ಮಾಡಿಸಿದ್ದೇವೆ, ಆದ್ದರಿಂದ ಇಷ್ಟು ಕೊಡುತ್ತೇವೆ ಎಂದು ಹೇಳುವ ಕಾಗದ. ಕೆಳಗಿನ ಮನೆಯಲ್ಲೇ ಇರುವ ಓನರಿಗೆ ಕಾಗದವೇ ಎಂದು ನಗು ಬರಬಹುದು. ಆದರೆ ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಬಾಡಿಗೆದಾರರು ಯಾರ ಜೊತೆ ಮಾತನಾಡುತ್ತಾರೋ ಅವರೇ ತೀರ್ಮಾನ ಮಾಡುವವರಲ್ಲ. ‘ಮಗನ್ನ ಕೇಳಿ ಹೇಳ್ತೀನಿ’ ಎನ್ನುವ ಯಜಮಾನರ ಮಗ ಅಮೆರಿಕದಲ್ಲಿರುತ್ತಾನೆ, ಅಥವಾ ಮನೆ ಸೊಸೆಯ ಹೆಸರಿನಲ್ಲಿರುತ್ತದೆ. ಗೇಟಿನ ಬಳಿ ಆಡಿದ ಮಾತು ಅಲ್ಲಿಗೆ ತಲುಪುವಾಗ ‘ಬಾಡಿಗೆಯವರು ಜಾಸ್ತಿ ಕೊಡಲ್ಲ ಅಂತಿದಾರೆ’ ಎಂದಷ್ಟೇ ಆಗಿರುತ್ತದೆ. ಕಾಗದವಾದರೆ ಫೋಟೊ ಹೊಡೆದು ಕಳಿಸಿದರೂ ಇದ್ದ ಹಾಗೇ ತಲುಪುತ್ತದೆ.

ಕಾಗದಕ್ಕೆ ಕೂರುವ ಮೊದಲು ಕಾನೂನು ಎಷ್ಟರಮಟ್ಟಿಗೆ ಜೊತೆಗಿದೆ ಎಂಬುದು ತಿಳಿದಿರಬೇಕು. ಬಹಳ ದೂರವೇನೂ ಬರುವುದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದು ಇದೆ ನಿಜ. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕಾಯ್ದೆಯ ಪ್ರಕಾರದ ಬಾಡಿಗೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿರುವ ಮನೆಗಳನ್ನೂ, ಉಳಿದ ಕಡೆ 2,000 ರೂಪಾಯಿ ಮೀರಿದವನ್ನೂ ಅದು ಹೊರಗಿಟ್ಟಿದೆ. ಇಂದು ಆ ಮಿತಿಯೊಳಗೆ ಸಿಗುವ ಮನೆ ಎಷ್ಟಿದ್ದೀತು? ಹಾಗಾಗಿ ಹೆಚ್ಚಿನವರಿಗೆ ಅನ್ವಯಿಸುವುದು ತಾವು ಸಹಿ ಹಾಕಿದ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನ ಅವಧಿ ಮುಗಿಯುವವರೆಗೆ ಓನರ್ ಏಕಾಏಕಿ ಬಾಡಿಗೆ ಏರಿಸುವಂತಿಲ್ಲ. ಅವಧಿ ಮುಗಿದು ತಿಂಗಳಿಂದ ತಿಂಗಳಿಗೆ ಇರುವವರಾದರೆ 15 ದಿನಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಕರಾರು 11 ತಿಂಗಳಿಗೇ ಇರುವುದಕ್ಕೂ ಕಾರಣವಿದೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಆ ಖರ್ಚು ಮತ್ತು ಓಡಾಟ ಇಬ್ಬರಿಗೂ ಬೇಡ.

ಈ 11 ತಿಂಗಳ ಪದ್ಧತಿಯಿಂದ ಸದ್ದಿಲ್ಲದೆ ಇನ್ನೊಂದು ಕೆಲಸವೂ ಆಗುತ್ತದೆ. ಹನ್ನೊಂದು ವರ್ಷದಲ್ಲಿ ಇಂಥ ಕರಾರು ಹನ್ನೆರಡು ಬರುತ್ತವೆ. ವರ್ಷಕ್ಕೆ ಹತ್ತು ಪರ್ಸೆಂಟ್ ಎಂದು ಎಲ್ಲರೂ ಅಂದುಕೊಳ್ಳುವುದು ನಿಜವಾಗಿ ಅದಕ್ಕಿಂತ ಚೂರು ಜಾಸ್ತಿಯೇ. 22,000 ರೂಪಾಯಿ ಬಾಡಿಗೆ ಮೊದಲ ಸಲ 24,200 ಆಗುತ್ತದೆ, ಎರಡನೆಯ ಸಲ 26,620, ಮೂರನೆಯ ಸಲ 29,282. ಮನೆ ಅದೇ, ಗೋಡೆ ಅದೇ, ನಲ್ಲಿಯಲ್ಲಿ ಬರುವ ನೀರೂ ಅಷ್ಟೇ.

ಅಂದರೆ ಈ ಕಾಗದ ಹಕ್ಕೊತ್ತಾಯದ ನೋಟಿಸ್ ಅಲ್ಲ. ಓನರ್ ‘ಇಲ್ಲ’ ಎಂದರೆ ಬಾಡಿಗೆದಾರ ಕೊಡಬೇಕು, ಇಲ್ಲವೇ ಖಾಲಿ ಮಾಡಬೇಕು. ಕಡಿಮೆ ಏರಿಕೆಗೆ ಒಪ್ಪಿದರೆ ತನಗೇ ಲಾಭ ಎಂದು ಓನರಿಗೆ ಅನ್ನಿಸುವಂತೆ ಮಾಡುವುದಷ್ಟೇ ಅದರ ಕೆಲಸ.

ಒಂದು ಮನೆಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಓದುಗರು ತಮ್ಮವನ್ನು ಹಾಕಿಕೊಳ್ಳಬಹುದು. ದಕ್ಷಿಣ ಬೆಂಗಳೂರಿನ ಒಂದು ಹಳೆಯ ಬಡಾವಣೆ, ಮೊದಲ ಮಹಡಿ, ಎರಡು ಬೆಡ್‌ರೂಮ್, ಕಾವೇರಿ ನೀರು ಇದೆ, ಕಾರು ನಿಲ್ಲಿಸಲು ಜಾಗವಿಲ್ಲ. ಗಂಡ ಹೆಂಡತಿ ಮತ್ತು ಒಂದು ಮಗು ಎರಡು ಕರಾರು ಮುಗಿಸುತ್ತಿದ್ದಾರೆ. ಬಾಡಿಗೆ 22,000, ಅಡ್ವಾನ್ಸ್ ಒಂದೂವರೆ ಲಕ್ಷ. ಓನರ್ ನಿವೃತ್ತರು, ಕೆಳಗೇ ಇದ್ದಾರೆ. ಅವರು ಕೇಳುತ್ತಿರುವುದು ಹತ್ತು ಪರ್ಸೆಂಟ್, ಅಂದರೆ 24,200.

ಮೊದಲ ಕೆಲಸ ಸುತ್ತಮುತ್ತಲ ಬಾಡಿಗೆ ತಿಳಿಯುವುದು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮೊಬೈಲಿನಲ್ಲಿ ಬಾಡಿಗೆ ಮನೆಗಳ ಆ್ಯಪ್ ತೆಗೆದು, ಕಂಡ ನಾಲ್ಕು ಬೆಲೆ ಬರೆದುಕೊಂಡು ಬಿಡುತ್ತಾರೆ. ಆ್ಯಪಿನಲ್ಲಿರುವುದು, ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿದಾಗ ಹೇಳುವುದು, ಎರಡೂ ಓನರ್ ಕೇಳುವ ಬೆಲೆ. ಕುದುರಿದ ಬೆಲೆ ಬೇರೆ. ಒಂದೇ ಮನೆಯನ್ನು ಮೂವರು ಬ್ರೋಕರುಗಳು ಮೂರು ದರಕ್ಕೆ ಹಾಕಿರುವುದೂ ಉಂಟು. ನಿಜವಾದ ಲೆಕ್ಕ ಸಿಗುವುದು ಕಳೆದ ಆರು ತಿಂಗಳಲ್ಲಿ ಆ ರಸ್ತೆಗೆ ಹೊಸದಾಗಿ ಬಂದವರ ಹತ್ತಿರ. ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವಾಗ, ತರಕಾರಿ ಗಾಡಿಯ ಹತ್ತಿರ, ಐರನ್ ಅಂಗಡಿಯವನಲ್ಲಿ ಕೇಳಿದರೆ ಯಾರು ಹೊಸಬರು ಎಂದು ತಿಳಿಯುತ್ತದೆ. ಬಾಡಿಗೆ ಎಷ್ಟು ಎಂದು ಕೇಳುವುದು ನಮ್ಮಲ್ಲಿ ಅಂಥ ಅಸಭ್ಯವೇನಲ್ಲ, ಸಂಬಳ ಕೇಳುವಷ್ಟಂತೂ ಅಲ್ಲ. ಇನ್ನು ಟು-ಲೆಟ್ ಬೋರ್ಡು ಎರಡು ತಿಂಗಳಿಂದ ಅಲ್ಲೇ ನೇತಾಡುತ್ತಿದ್ದರೆ ಅದೂ ಒಂದು ಮಾಹಿತಿಯೇ: ಆ ಬೆಲೆಗೆ ಜನ ಬರುತ್ತಿಲ್ಲ.

ನಮ್ಮ ದಂಪತಿಗೆ ನಾಲ್ಕು ಮನೆಗಳ ವಿವರ ಸಿಕ್ಕಿತು ಎನ್ನೋಣ. ಅದೇ ರಸ್ತೆಯ ಎರಡನೆಯ ಮಹಡಿಯ ಮನೆ 21,500ಕ್ಕೆ ಹೋಗಿದೆ, ಅಡ್ವಾನ್ಸ್ ಇವರಷ್ಟೇ. ಪಕ್ಕದ ಕ್ರಾಸಿನ ಮೊದಲ ಮಹಡಿಯ ಮನೆ 22,500, ಅಡ್ವಾನ್ಸ್ ಒಂದು ಲಕ್ಷ. ಇದೇ ರಸ್ತೆಯ ಇನ್ನೊಂದು 23,000, ಅಡ್ವಾನ್ಸ್ ಎರಡು ಲಕ್ಷ. ನಾಲ್ಕನೆಯದು ಹೊಸ ಕಟ್ಟಡ, ಲಿಫ್ಟ್ ಇದೆ, ಕಾರು ನಿಲ್ಲಿಸಬಹುದು, 26,000.

ಅಡ್ವಾನ್ಸಿನ ವ್ಯತ್ಯಾಸವನ್ನು ಬಿಡುವಂತಿಲ್ಲ. ಓನರ್ ಕೈಯಲ್ಲಿ ಬಡ್ಡಿಯಿಲ್ಲದೆ ಇರುವ ದುಡ್ಡು ಅದು. ಬ್ಯಾಂಕಿನಲ್ಲಿ ಶೇ 6ರ ಬಡ್ಡಿ ಎಂದುಕೊಂಡರೂ 50,000 ರೂಪಾಯಿಗೆ ವರ್ಷಕ್ಕೆ 3,000, ತಿಂಗಳಿಗೆ 250. ಎರಡು ಲಕ್ಷ ಅಡ್ವಾನ್ಸ್ ಕೊಟ್ಟು 23,000 ಕೊಡುವವರು, ಒಂದೂವರೆ ಲಕ್ಷದ ಲೆಕ್ಕದಲ್ಲಿ 23,250 ಕೊಟ್ಟಂತೆ. ಒಂದೇ ಲಕ್ಷ ಕೊಟ್ಟವರದ್ದು 22,250 ಆದಂತೆ. ಹಾಗೆಯೇ ನೀರಿನ ಬಿಲ್ಲು ಬಾಡಿಗೆಯೊಳಗೇ ಇದೆಯೋ ಬೇರೆಯೋ ಎಂದು ಕೇಳಬೇಕು. ನೀರು ಎಲ್ಲಿಂದ ಬರುತ್ತದೆ ಎಂಬುದಂತೂ 2024ರ ಬೇಸಿಗೆಯ ನಂತರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ಮನೆಯ ಬಾಡಿಗೆಯನ್ನು ಕಾವೇರಿ ನೀರಿನ ಮನೆಗೆ ಹೋಲಿಸಿದರೆ ಓನರ್ ಒಂದೇ ಮಾತಿನಲ್ಲಿ ಕಾಗದವನ್ನು ಪಕ್ಕಕ್ಕಿಡುತ್ತಾರೆ.

ಹೀಗೆ ಸರಿಹೊಂದಿಸಿದ ಮೇಲೆ ಮೊದಲ ಮೂರು ಮನೆಗಳು 21,500ರಿಂದ 23,250ರ ನಡುವೆ ನಿಲ್ಲುತ್ತವೆ. ನಾಲ್ಕನೆಯದನ್ನು ಮುಚ್ಚಿಡಬೇಕೆ? ಬೇಡ. ಒಂದೇ ರಸ್ತೆಯ ಓನರುಗಳು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ, ಬೆಳಗಿನ ವಾಕಿಂಗಿನಲ್ಲಿ ಬಾಡಿಗೆಯ ಮಾತೂ ಬರುತ್ತದೆ. 26,000ದ ಮನೆಯನ್ನು ಅವರೇ ಎತ್ತುತ್ತಾರೆ. ಅದಕ್ಕಿಂತ ಮೊದಲೇ ‘ಆ ಮನೆಗೆ ಹೆಚ್ಚಿದೆ, ಏಕೆಂದರೆ ಲಿಫ್ಟ್ ಮತ್ತು ಪಾರ್ಕಿಂಗ್ ಇದೆ’ ಎಂದು ಬರೆದುಬಿಟ್ಟರೆ ಉಳಿದ ಮೂರು ಅಂಕಿಗಳಿಗೂ ಬೆಲೆ ಬರುತ್ತದೆ. ನೆರೆಯವರ ಹೆಸರು, ಮನೆ ನಂಬರು ಹಾಕುವುದು ತರವಲ್ಲ. ‘ನಮ್ಮ ರಸ್ತೆಯ ಎರಡನೇ ಮಹಡಿಯ ಮನೆ’ ಎಂದರೆ ಸಾಕು, ಓನರಿಗೆ ಗೊತ್ತಾಗುತ್ತದೆ.

ಎರಡನೆಯ ಕೆಲಸ, ಮನೆಗೆ ಮಾಡಿದ ಖರ್ಚಿನ ಲೆಕ್ಕ. ಬಿಲ್ಲುಗಳ ಕವರು ತೆಗೆದು ಕೂಡಿದರೆ ಈ ದಂಪತಿಯದ್ದು 31,000 ರೂಪಾಯಿ ಆಗುತ್ತದೆ. ಇಡೀ 31,000ವನ್ನು ಕಾಗದದಲ್ಲಿ ಬರೆಯುವ ಆಸೆಯಾಗುವುದು ಸಹಜ. ಬರೆದರೆ ಕೆಲಸ ಕೆಡುತ್ತದೆ. ಅದರಲ್ಲಿ ಫ್ಯಾನು, ಪರದೆ ಇತ್ಯಾದಿ 11,200. ಅವನ್ನು ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ. ಹಾಲಿನ ಒಂದು ಗೋಡೆಗೆ ತಮಗೆ ಇಷ್ಟವಾದ ಬಣ್ಣ ಹಾಕಿಸಿದ್ದು 4,500. ಅದನ್ನು ಓನರ್ ಕೇಳಿರಲಿಲ್ಲ. ಬಹುಶಃ ಖಾಲಿ ಮಾಡುವಾಗ ಪೇಂಟಿಂಗ್ ಎಂದು ಮತ್ತೆ ಅಡ್ವಾನ್ಸಿನಲ್ಲೇ ಹಿಡಿಯುತ್ತಾರೆ. ನಲ್ಲಿಯ ವಾಷರ್, ಗೀಸರಿನ ರಿಪೇರಿ, ಕಟ್ಟಿಕೊಂಡ ಮೋರಿ ಬಿಡಿಸಿದ್ದು ಎಲ್ಲ ಸೇರಿ 3,000. ಇವು ಬಳಸುವವರೇ ನೋಡಿಕೊಳ್ಳಬೇಕಾದ ಕೆಲಸ.

ಉಳಿದದ್ದು 12,300. ಸಂಪಿನ ಮೋಟರ್ ಸುಟ್ಟುಹೋದಾಗ ರೀವೈಂಡಿಂಗ್ ಮಾಡಿಸಿದ್ದು 3,800. ಬಚ್ಚಲುಮನೆಯ ಗೋಡೆಯೊಳಗಿನ ಪೈಪು ಒಡೆದು ತೇವ ಬಂದಾಗ ಗೋಡೆ ಅಗೆಸಿ, ಪೈಪು ಬದಲಿಸಿ, ಟೈಲ್ಸ್ ಮತ್ತೆ ಕೂರಿಸಿದ್ದು 6,200. ಅಡುಗೆಮನೆಯ ಸುಟ್ಟ ವೈರಿಂಗ್ ಬದಲಿಸಿದ್ದು 2,300. ಈ ಮೂರೂ ಮನೆಗೇ ಸೇರಿದವು, ಇವರು ಹೋದರೂ ಅಲ್ಲೇ ಉಳಿಯುತ್ತವೆ. ಇವರು ಮಾಡಿಸದಿದ್ದರೆ ಓನರೇ ಮಾಡಿಸಬೇಕಿತ್ತು. ಕಾಗದಕ್ಕೆ ಬೇಕಾದದ್ದು ಈ ಅಂಕಿ ಮಾತ್ರ.

ಯಾವುದು ಯಾರ ಖರ್ಚು ಎಂಬ ಜಗಳಕ್ಕೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಪಟ್ಟಿಯಿದೆ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪು ಬದಲಿಸುವುದು, ವೈರಿಂಗ್ ಇವು ಮಾಲೀಕರವು. ಸ್ವಿಚ್ಚು ಸಾಕೆಟ್ಟು, ನಲ್ಲಿಯ ವಾಷರ್, ಗೀಸರ್ ರಿಪೇರಿ, ಚರಂಡಿ ಸ್ವಚ್ಛತೆ, ಒಡೆದ ಕಿಟಕಿ ಗಾಜು ಬಾಡಿಗೆದಾರರವು. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ತಮ್ಮ ಕಾಯ್ದೆಯಾಗಿ ತಂದರೆ ಮಾತ್ರ ಅನ್ವಯ. ಕರಾರಿನಲ್ಲಿ ಏನೂ ಬರೆದಿರದಿದ್ದಾಗ ಇಬ್ಬರೂ ಒಪ್ಪಬಹುದಾದ ಅಳತೆಗೋಲಾಗಿ ಅದನ್ನು ಬಳಸಿಕೊಳ್ಳಬಹುದು, ಕಾನೂನೆಂದು ಝಳಪಿಸಬಾರದು.

ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಒಂದು ಮಾತಿದೆ. ಮಾಡಿಸಲೇಬೇಕಾದ ದುರಸ್ತಿಯನ್ನು ಮಾಲೀಕರು ತಿಳಿಸಿದ ಮೇಲೂ ಸಕಾಲಕ್ಕೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ತಿಳಿಸಿದ ಮೇಲೂ’ ಎಂಬುದನ್ನು ಗಮನಿಸಬೇಕು. ಪೈಪು ಒಡೆದಾಗ ಓನರಿಗೆ ಒಂದು ಮೆಸೇಜನ್ನೂ ಹಾಕದೆ, ಪ್ಲಂಬರನ್ನು ಕರೆಸಿ, ವರ್ಷದ ನಂತರ ಬಿಲ್ ಮುಂದಿಟ್ಟರೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ. ದುರಸ್ತಿಗೆ ಮೊದಲು ಹಾಳಾದದ್ದರ ಫೋಟೊ ಕಳಿಸಿ ‘ಮಾಡಿಸಲೇ?’ ಎಂದು ಕೇಳಿದ ಎರಡು ಸಾಲು, ಮುಂದೆ ಈ ಕಾಗದಕ್ಕೆ ಬಿಲ್ಲಿಗಿಂತ ಹೆಚ್ಚು ಬಲ ಕೊಡುತ್ತದೆ. ಪ್ಲಂಬರುಗಳು ಬಿಲ್ ಕೊಡುವುದು ಅಪರೂಪ. ದುಡ್ಡನ್ನು ಯುಪಿಐಯಲ್ಲಿ ಕೊಟ್ಟು, ಯಾವ ಕೆಲಸಕ್ಕೆಂದು ಅಲ್ಲೇ ಬರೆದಿಟ್ಟರೆ ಅದೇ ದಾಖಲೆ.

ಈಗ ಬರುವುದು ಬಹಳ ಜನ ಗೊಂದಲ ಮಾಡಿಕೊಳ್ಳುವ ವಿಷಯ. ಸುತ್ತಲಿನ ಬಾಡಿಗೆ ಮತ್ತು ದುರಸ್ತಿ ಖರ್ಚು, ಎರಡನ್ನೂ ಒಂದೇ ಚೀಲಕ್ಕೆ ತುಂಬಿ ‘ಆದ್ದರಿಂದ ಏರಿಕೆ ಕಡಿಮೆ ಮಾಡಿ’ ಎನ್ನುತ್ತಾರೆ. ಲೆಕ್ಕ ಬಲ್ಲ ಓನರ್ ತಕ್ಷಣ ಹೇಳುತ್ತಾರೆ: ‘ನೀವು ಖರ್ಚು ಮಾಡಿದ್ದು ಒಂದು ಸಲ. ನಾನು ಬಾಡಿಗೆ ಇಳಿಸಿದರೆ ಪ್ರತಿ ತಿಂಗಳೂ ಇಳಿದಂತೆ, ಮುಂದಿನ ಏರಿಕೆಯೂ ಆ ಇಳಿದ ಮೊತ್ತದ ಮೇಲೇ.’ ಅವರ ಮಾತು ಸರಿ. ಬಾಡಿಗೆ ಎಷ್ಟಿರಬೇಕು ಎಂಬುದನ್ನು ಹೇಳಬಲ್ಲದ್ದು ಸುತ್ತಲಿನ ಬಾಡಿಗೆ ಮಾತ್ರ. ದುರಸ್ತಿಯ ಖರ್ಚು ಒಮ್ಮೆ ಆಗಿಹೋದದ್ದು, ಅದಕ್ಕೆ ಕೇಳಬೇಕಾದ ರಿಯಾಯಿತಿಯೂ ಒಮ್ಮೆ ಮುಗಿಯುವಂಥದ್ದೇ ಆಗಿರಬೇಕು. ಹೊಸ ಬಾಡಿಗೆ ಮೂರು ತಿಂಗಳು ತಡವಾಗಿ ಶುರುವಾಗಲಿ ಎನ್ನಬಹುದು. ಖಾಲಿ ಮಾಡುವಾಗ ಪೇಂಟಿಂಗಿಗೆ ಹಿಡಿಯುವ ಒಂದು ತಿಂಗಳ ಬಾಡಿಗೆಯಲ್ಲಿ ಇಷ್ಟು ಬಿಡಿ ಎನ್ನಬಹುದು.

ಹಾಗಾಗಿ ಈ ದಂಪತಿ ಕೇಳುವುದು ಎರಡು. ಬಾಡಿಗೆ 23,000 ಆಗಲಿ, ಅಂದರೆ ಸುಮಾರು ಶೇ 4.5ರಷ್ಟು ಏರಿಕೆ. ಇದು ಸುತ್ತಲಿನ ಮೂರು ಮನೆಗಳ ಮೇಲ್ತುದಿಗೆ ಹತ್ತಿರವೇ ಇದೆ, ಓನರನ್ನು ಅಗ್ಗಕ್ಕೆ ಎಳೆದಂತಾಗುವುದಿಲ್ಲ. ಜೊತೆಗೆ ಮೊದಲ ಮೂರು ತಿಂಗಳು ಹಳೆಯ ಬಾಡಿಗೆಯೇ ಇರಲಿ. ಅದರಿಂದ ಉಳಿಯುವುದು 3,000. ಮಾಡಿದ 12,300ಕ್ಕೆ ಇದು ಕಾಲು ಭಾಗದಷ್ಟೇ. ಪೂರ್ತಿ ಕೇಳದೆ ಕಾಲು ಭಾಗ ಕೇಳಿದವರಿಗೆ ಇಲ್ಲವೆನ್ನುವುದು ಕಷ್ಟ.

ಕಾಗದ ಹೀಗಿರಬಹುದು:

‘ಮಾನ್ಯ ಸರ್ ಅವರಿಗೆ, ಮೊದಲ ಮಹಡಿಯ ಬಾಡಿಗೆದಾರರ ನಮಸ್ಕಾರಗಳು.

ಮುಂದಿನ ಕರಾರಿನಿಂದ ಬಾಡಿಗೆಯನ್ನು ಶೇ 10ರಷ್ಟು ಏರಿಸಿ 24,200 ರೂಪಾಯಿ ಮಾಡಬೇಕೆಂದು ತಾವು ತಿಳಿಸಿದ್ದೀರಿ. ಈ ಮನೆಯಲ್ಲಿ ನಾವು ನೆಮ್ಮದಿಯಾಗಿದ್ದೇವೆ, ಇನ್ನೂ ಎರಡು ವರ್ಷವಾದರೂ ಇಲ್ಲೇ ಇರಬೇಕೆಂಬ ಆಸೆಯಿದೆ. ನೀರಿನ ದರ, ತೆರಿಗೆ ಎಲ್ಲ ಏರಿರುವುದರಿಂದ ಬಾಡಿಗೆ ಸ್ವಲ್ಪ ಹೆಚ್ಚಾಗುವುದು ನ್ಯಾಯವೇ. ಎಷ್ಟು ಎಂಬುದರ ಬಗ್ಗೆ ನಮ್ಮ ಕೋರಿಕೆಯನ್ನು ತಮ್ಮ ಮುಂದಿಡುತ್ತಿದ್ದೇವೆ.

ಕಳೆದ ಆರು ತಿಂಗಳಲ್ಲಿ ನಮ್ಮ ಸುತ್ತ ಎರಡು ಬೆಡ್‌ರೂಮಿನ ಮನೆಗಳು ಬಾಡಿಗೆಗೆ ಹೋದದ್ದು ಹೀಗೆ: ನಮ್ಮ ರಸ್ತೆಯ ಎರಡನೇ ಮಹಡಿಯ ಮನೆ 21,500, ಪಕ್ಕದ ಕ್ರಾಸಿನ ಮೊದಲ ಮಹಡಿಯ ಮನೆ 22,500, ನಮ್ಮ ರಸ್ತೆಯ ಇನ್ನೊಂದು ಮನೆ, ಎರಡು ಲಕ್ಷ ಅಡ್ವಾನ್ಸಿನೊಂದಿಗೆ, 23,000. ಹೊಸ ಕಟ್ಟಡದ ಮನೆಯೊಂದು 26,000ಕ್ಕೆ ಹೋಗಿದೆ, ಅದಕ್ಕೆ ಲಿಫ್ಟ್ ಮತ್ತು ಕಾರ್ ಪಾರ್ಕಿಂಗ್ ಇದೆ. ತಾವೂ ವಿಚಾರಿಸಿ ನೋಡಬಹುದು.

ಕಳೆದ ಕರಾರಿನ ಅವಧಿಯಲ್ಲಿ ಸಂಪಿನ ಮೋಟರ್ ರೀವೈಂಡಿಂಗಿಗೆ 3,800, ಬಚ್ಚಲುಮನೆಯ ಪೈಪು ಮತ್ತು ಟೈಲ್ಸಿಗೆ 6,200, ಅಡುಗೆಮನೆಯ ವೈರಿಂಗಿಗೆ 2,300, ಒಟ್ಟು 12,300 ರೂಪಾಯಿಯ ಕೆಲಸವನ್ನು ತಮಗೆ ತಿಳಿಸಿ ನಾವೇ ಮಾಡಿಸಿದ್ದೇವೆ. ದುಡ್ಡು ಕೊಟ್ಟ ವಿವರ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇವೆ. ಈ ಹಣವನ್ನು ನಾವು ವಾಪಸ್ ಕೇಳುತ್ತಿಲ್ಲ.

ನಮ್ಮ ಕೋರಿಕೆ ಇಷ್ಟು: ಬಾಡಿಗೆಯನ್ನು 23,000 ರೂಪಾಯಿಗೆ ನಿಗದಿ ಮಾಡಿ, ಮೇಲೆ ಹೇಳಿದ ಖರ್ಚನ್ನು ಗಮನದಲ್ಲಿಟ್ಟು ಮೊದಲ ಮೂರು ತಿಂಗಳು ಈಗಿನ 22,000ವನ್ನೇ ಮುಂದುವರಿಸಬೇಕು. ತಾವು ಒಪ್ಪಿದರೆ ಹೊಸ ಅಗ್ರಿಮೆಂಟಿನ ಛಾಪಾ ಕಾಗದದ ಖರ್ಚು ನಮ್ಮದು. ಈ ಭಾನುವಾರ ತಮಗೆ ಅನುಕೂಲವಾದ ಸಮಯದಲ್ಲಿ ಬಂದು ಮಾತನಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು’

ಈ ಕಾಗದದಲ್ಲಿ ಇಲ್ಲದ್ದನ್ನೂ ನೋಡಬೇಕು. ‘ಇಲ್ಲದಿದ್ದರೆ ಖಾಲಿ ಮಾಡುತ್ತೇವೆ’ ಎಂಬ ಮಾತಿಲ್ಲ. ಸಂಬಳ ಏರಿಲ್ಲ, ಮಗುವಿನ ಸ್ಕೂಲ್ ಫೀಸು ಜಾಸ್ತಿ ಎಂಬ ಕಷ್ಟದ ಕಥೆಯಿಲ್ಲ. ಓನರಿಗೂ ಅವರವರ ಕಷ್ಟವಿರುತ್ತದೆ. ಬಾಡಿಗೆಯೇ ಪಿಂಚಣಿಯಾಗಿರುವ ಹಿರಿಯರು ಈ ಊರಿನಲ್ಲಿ ಬಹಳ. ಕಷ್ಟಕ್ಕೆ ಕಷ್ಟ ಎದುರಿಟ್ಟರೆ ಯಾರೂ ಗೆಲ್ಲುವುದಿಲ್ಲ. ನೀರಿನ ದರದ ಮಾತು ಸುಮ್ಮನೆ ಬಂದದ್ದಲ್ಲ: 2025ರ ಏಪ್ರಿಲಿನಲ್ಲಿ ಬೆಂಗಳೂರು ಜಲಮಂಡಳಿ ದರ ಏರಿಸಿದೆ, ಓನರ್ ಅದನ್ನು ಹೇಳುವ ಮೊದಲೇ ಬಾಡಿಗೆದಾರ ಒಪ್ಪಿಕೊಂಡರೆ ಒಂದು ವಾದ ಮುಗಿದಂತೆ.

ಖಾಲಿ ಮಾಡುವ ಬೆದರಿಕೆ ಬರೆಯದಿದ್ದರೂ ಓನರ್ ಆ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತಾರೆ. ಕೋರಿಕೆಗೆ ಒಪ್ಪಿದರೆ ಅವರು ಬಿಡುವುದು ತಿಂಗಳಿಗೆ 1,200ರಂತೆ ಹನ್ನೊಂದು ತಿಂಗಳಿಗೆ 13,200, ಮೊದಲ ಮೂರು ತಿಂಗಳ 3,000 ಸೇರಿ 16,200. ಒಪ್ಪದೆ ಮನೆ ಖಾಲಿಯಾಗಿ ಒಂದೇ ತಿಂಗಳು ಬೀಗ ಬಿದ್ದರೂ 24,200 ಹೋಯಿತು. ಒಂದೂವರೆ ಲಕ್ಷ ಅಡ್ವಾನ್ಸ್ ತಕ್ಷಣ ಹೊಂದಿಸಿ ಕೊಡಬೇಕು. ಎಷ್ಟೋ ಓನರುಗಳು ಹೊಸ ಬಾಡಿಗೆದಾರರ ಅಡ್ವಾನ್ಸ್ ಬಂದ ಮೇಲೆ ಹಳಬರದ್ದು ಕೊಡುವುದು ಎಲ್ಲರಿಗೂ ಗೊತ್ತು. ಹೊಸಬರು ಹೇಗೋ ಏನೋ ಎಂಬ ಅಳುಕು ಬೇರೆ. ದುರಸ್ತಿಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ: ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕೆ ಶೇ 30ರ ಕಡಿತ ಸಿಗುವುದು ರಿಪೇರಿಗೆ ಖರ್ಚು ಮಾಡಿದರೂ ಮಾಡದಿದ್ದರೂ ಅಷ್ಟೇ. ಅಂದರೆ ಬಾಡಿಗೆದಾರರು ಮಾಡಿಸಿದ ರಿಪೇರಿ ಓನರಿಗೆ ಪೂರ್ತಿ ಉಳಿತಾಯ.

ಆದರೆ ಇದೇ ಲೆಕ್ಕ ತಿರುಗಿ ಬೀಳುವ ಜಾಗಗಳೂ ಇವೆ. 2022ರಲ್ಲಿ ಆಫೀಸುಗಳು ಮತ್ತೆ ತೆರೆದು ಜನ ಊರಿಗೆ ಮರಳಿದ ಮೇಲೆ ವೈಟ್‌ಫೀಲ್ಡ್, ಬೆಳ್ಳಂದೂರು, ಎಚ್‌ಎಸ್‌ಆರ್ ಲೇಔಟ್ ಕಡೆ ಬಾಡಿಗೆ ಒಮ್ಮೆಲೇ ಜಿಗಿಯಿತು. ಅಲ್ಲಿ ಹಳೆಯ ಬಾಡಿಗೆಯಲ್ಲಿದ್ದವರು ಸುತ್ತಲಿನ ದರ ತೋರಿಸಲು ಹೋಗಿದ್ದರೆ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತಾಗುತ್ತಿತ್ತು. ವಿಚಾರಿಸಿದಾಗ ಸುತ್ತಲಿನ ಮನೆಗಳು ನಿಮ್ಮದಕ್ಕಿಂತ ದುಬಾರಿ ಎಂದು ಗೊತ್ತಾದರೆ ಆ ಭಾಗವನ್ನು ಕಾಗದದಿಂದ ಬಿಡುವುದೇ ಜಾಣತನ. ಆಗ ಉಳಿಯುವುದು ಮಾಡಿಸಿದ ದುರಸ್ತಿ, ತಪ್ಪದೆ ಕಟ್ಟಿದ ಬಾಡಿಗೆ ಮತ್ತು ‘ಇನ್ನೆರಡು ವರ್ಷ ಇರುತ್ತೇವೆ’ ಎಂಬ ಮಾತು. ಅದರಿಂದ ಹತ್ತು ಎಂಟಾಗಬಹುದು, ನಾಲ್ಕಾಗುವುದಿಲ್ಲ.

ಕಾಗದ ಕೊಡುವುದಕ್ಕೂ ಹೊತ್ತಿದೆ. ಕರಾರು ಮುಗಿಯಲು ಒಂದೂವರೆ ಎರಡು ತಿಂಗಳಿರುವಾಗ ಕೊಡಬೇಕು. ಕೊನೆಯ ವಾರದಲ್ಲಿ ಕೊಟ್ಟರೆ, ಬೇರೆ ಮನೆ ಹುಡುಕಲು ಇವರಿಗೆ ಸಮಯವಿಲ್ಲ ಎಂದು ಓನರಿಗೆ ಗೊತ್ತಾಗುತ್ತದೆ. ಉತ್ತರ ಬರುವವರೆಗೆ ಈಗಿನ ಬಾಡಿಗೆಯನ್ನು ತಾರೀಖು ತಪ್ಪದೆ ಕಟ್ಟಬೇಕು. ಮಾತುಕತೆ ನಡೆಯುತ್ತಿದೆ ಎಂದು ಬಾಡಿಗೆ ತಡೆಹಿಡಿಯುವುದು, ದುರಸ್ತಿಯ ದುಡ್ಡನ್ನು ತಾವೇ ಮುರಿದುಕೊಂಡು ಕಟ್ಟುವುದು, ಇವು ಒಳ್ಳೆಯ ಕಾಗದವನ್ನೂ ಹಾಳು ಮಾಡುತ್ತವೆ.

ಓನರ್ ಒಂದೇ ಸಲಕ್ಕೆ ಒಪ್ಪುತ್ತಾರೆ ಎಂದೇನಿಲ್ಲ. ‘23,500 ಮಾಡಿ, ಮೊದಲ ತಿಂಗಳಿಂದಲೇ ಕೊಡಿ’ ಎನ್ನಬಹುದು. ಆಗ ಎರಡರಲ್ಲಿ ಯಾವುದನ್ನು ಬಿಡಬೇಕು? ಇದೇ ಮನೆಯಲ್ಲಿ ಇನ್ನೆರಡು ಕರಾರು ಇರುವವರು ಮೂರು ತಿಂಗಳ ರಿಯಾಯಿತಿಯನ್ನು ಬಿಟ್ಟು 23,000ವನ್ನು ಹಿಡಿದುಕೊಳ್ಳಬೇಕು. 500 ರೂಪಾಯಿ ಹನ್ನೊಂದು ತಿಂಗಳಿಗೆ 5,500, ಮುಂದಿನ ಏರಿಕೆಯೂ ಅದರ ಮೇಲೆಯೇ; ರಿಯಾಯಿತಿ 3,000 ಮಾತ್ರ. ವರ್ಷದೊಳಗೆ ಊರು ಬಿಡುವ ಅಂದಾಜಿದ್ದವರಿಗೆ ಉಲ್ಟಾ ಲೆಕ್ಕವೂ ಸರಿಹೋಗಬಹುದು: ನಾಲ್ಕು ತಿಂಗಳಲ್ಲಿ ಹೋಗುವವರಿಗೆ 500ರಂತೆ ಆಗುವುದು 2,000, ಅವರು ಬಾಡಿಗೆಯಲ್ಲಿ ಬಿಟ್ಟುಕೊಟ್ಟು ರಿಯಾಯಿತಿ ಉಳಿಸಿಕೊಂಡರೇ ಮೇಲು. ಇನ್ನೊಂದು ಬಗೆಯ ಒಪ್ಪಿಗೆಯೂ ಬರುತ್ತದೆ. ‘ಬಾಡಿಗೆ ನೀವು ಹೇಳಿದಷ್ಟೇ ಇರಲಿ, ನೀರಿಗೆ ಬೇರೆ 700 ಕೊಡಿ’ ಎನ್ನುತ್ತಾರೆ. ಇಲ್ಲಿಯವರೆಗೆ ನೀರು ಬಾಡಿಗೆಯಲ್ಲೇ ಸೇರಿದ್ದರೆ ಅದು 23,700. ಕೊನೆಗೆ ಕೈಯಿಂದ ತಿಂಗಳಿಗೆ ಎಷ್ಟು ಹೋಗುತ್ತದೆ ಎಂಬ ಒಟ್ಟು ಮೊತ್ತವನ್ನೇ ನೋಡಬೇಕು.

ಒಪ್ಪಿಗೆ ಬಾಯಿಮಾತಿನಲ್ಲಿ ಸಿಕ್ಕಿದರೆ ಅವತ್ತೇ ‘ಸರ್, ಇವತ್ತು ಮಾತಾಡಿದಂತೆ ಬಾಡಿಗೆ 23,000, ಮೊದಲ ಮೂರು ತಿಂಗಳು 22,000’ ಎಂದು ಒಂದು ಮೆಸೇಜ್ ಹಾಕಿ, ಅವರಿಂದ ‘ಸರಿ’ ಎಂದು ಬರಿಸಿಕೊಳ್ಳಿ. ಹೊಸ ಅಗ್ರಿಮೆಂಟನ್ನು ಟೈಪ್ ಮಾಡುವ ಅಂಗಡಿಯವರು ಹಳೆಯ ಫೈಲನ್ನೇ ತೆರೆದು ಹೆಸರು ತಾರೀಖು ಬದಲಿಸುತ್ತಾರೆ. ಅದರಲ್ಲಿ ‘ಅವಧಿ ಮುಗಿದ ಬಳಿಕ ಶೇ 10ರಷ್ಟು ಏರಿಕೆ’ ಎಂಬ ಸಾಲು ಹಾಗೇ ಉಳಿದಿರುತ್ತದೆ. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ, ಓನರ್ ಜೊತೆ ಮಾತನಾಡಿ ಶೇ 5 ಎಂದು ಬದಲಿಸಿಕೊಳ್ಳಿ. ಹಾಗೆ ಮಾಡಿದವರಿಗೆ ಮುಂದಿನ ಸಲ ಏರಿಕೆಯ ಬಗ್ಗೆ ಕಾಗದ ಬರೆಯುವ ಕೆಲಸವೇ ಇರುವುದಿಲ್ಲ.